ಕಟ್ಟಿದ ಫೀಸು ಕಟ್ಟಿದ್ದೇ?



ಕೋಚಿಂಗ್ ಸೆಂಟರ್‌ಗಳು ಇನ್ನು ಫೀಸು ವಾಪಸ್ ಕೊಡಲೇಬೇಕು ಎಂಬ ಮಾತು ಪೋಷಕರ ನಡುವೆ ಆಗಾಗ ಕೇಳಿಬರುತ್ತದೆ. ಅದನ್ನು ನಂಬಿ ನಾನೂ ಒಂದು ಮೆಸೇಜ್ ಕಳಿಸಿದೆ. ಉತ್ತರ ಬಂದ ಮೇಲೆ ಗೊತ್ತಾಯಿತು, ಆ ಮಾತು ನನ್ನಂಥವರಿಗೆ ಹೇಳಿದ್ದೇ ಅಲ್ಲ ಅಂತ.

ನನ್ನ ಮಗಳಿಗೆ ಹನ್ನೆರಡು ವರ್ಷ. ಮನೆ ಹತ್ತಿರದ ಒಂದು ಅಕಾಡೆಮಿಯಲ್ಲಿ ಬ್ಯಾಡ್ಮಿಂಟನ್ ಕಲಿಯುತ್ತಿದ್ದಳು. ತಿಂಗಳ ಫೀಸು 2,800 ರೂಪಾಯಿ. ಮೂರು ತಿಂಗಳದ್ದು ಒಟ್ಟಿಗೆ ಕಟ್ಟಿದರೆ 7,200. ಸಾವಿರದ ಇನ್ನೂರು ಉಳಿಯುತ್ತದಲ್ಲ ಎಂದು ಒಟ್ಟಿಗೇ ಕಟ್ಟಿದೆ. ವಾರಕ್ಕೆ ಮೂರರಂತೆ 36 ಕ್ಲಾಸು. ಹನ್ನೊಂದು ಮುಗಿದಿದ್ದವು, ಸ್ಕೂಲಿನ ಮೆಟ್ಟಿಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಆರು ವಾರ ಪ್ಲಾಸ್ಟರ್, ಆಮೇಲೂ ಒಂದು ತಿಂಗಳು ರ‍್ಯಾಕೆಟ್ ಹಿಡಿಯುವಂತಿಲ್ಲ ಎಂದರು ಡಾಕ್ಟರು. ಅಷ್ಟರಲ್ಲಿ ನಾನು ದುಡ್ಡು ಕಟ್ಟಿದ್ದ ಮೂರು ತಿಂಗಳೇ ಮುಗಿದುಹೋಗುತ್ತದೆ.

ಅವತ್ತು ರಾತ್ರಿಯೇ ಕೋಚ್‌ಗೆ ಬರೆದೆ: “ಸರ್, ಮಗಳ ಕೈ ಮುರಿದಿದೆ, ಡಾಕ್ಟರ ಚೀಟಿ ಜೊತೆಗಿಟ್ಟಿದ್ದೇನೆ. ನಾಳೆಯಿಂದ ಕ್ಲಾಸಿಗೆ ಬರುವುದಿಲ್ಲ, ಅವಳ ಜಾಗ ಬೇರೆಯವರಿಗೆ ಕೊಡಬಹುದು. 36ರಲ್ಲಿ 11 ಆಗಿವೆ, 25 ಉಳಿದಿವೆ. ಇವನ್ನು ಕೈ ಸರಿಹೋದ ಮೇಲೆ ಮಾಡಿಸಿಕೊಡುತ್ತೀರಾ, ಅಥವಾ ಉಳಿದ ಫೀಸು ವಾಪಸ್ ಮಾಡುತ್ತೀರಾ? ದಯವಿಟ್ಟು ಬರೆದು ತಿಳಿಸಿ.” ಫೋನಿನಲ್ಲಿ ಹೇಳದೆ ಬರೆದು ಕಳಿಸಿದ್ದಕ್ಕೆ ಕಾರಣವಿದೆ. ಮುಂದೆ ಲೆಕ್ಕ ಹಾಕುವಾಗ, ಮಗು ಯಾವತ್ತಿನಿಂದ ಬಂದಿಲ್ಲ ಅನ್ನುವುದಕ್ಕಿಂತ ನಾವು ಯಾವತ್ತು ತಿಳಿಸಿದೆವು ಅನ್ನುವ ಮೇಲೇ ಜಗಳ ನಿಲ್ಲುವುದು.

ಮರುದಿನ ಉತ್ತರ ಬಂತು. “ಮೇಡಂ, ಅಕಾಡೆಮಿ ರೂಲ್ಸ್ ಪ್ರಕಾರ ಕಟ್ಟಿದ ಫೀಸ್ ವಾಪಸ್ ಇಲ್ಲ. ನಾಲ್ಕು ಮೇಕಪ್ ಕ್ಲಾಸ್ ಕೊಡ್ತೀವಿ, ಮೂವತ್ತು ದಿನದೊಳಗೆ ಮುಗಿಸಿಕೊಳ್ಳಿ. ಬೇಗ ಹುಷಾರಾಗಲಿ.” ಕೈಗೆ ಪ್ಲಾಸ್ಟರ್ ಇರುವಾಗ ಮೂವತ್ತು ದಿನದೊಳಗೆ! ರಸೀದಿ ತೆಗೆದು ನೋಡಿದರೆ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಇಂಗ್ಲಿಷಿನ ಒಂದು ಸಾಲು: ಫೀಸು ಹಿಂತಿರುಗಿಸುವುದಿಲ್ಲ, ವರ್ಗಾಯಿಸುವುದೂ ಇಲ್ಲ. ಮೇಕಪ್ ಕ್ಲಾಸಿನ ಸುದ್ದಿ ಅಲ್ಲೆಲ್ಲೂ ಇಲ್ಲ.

ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯನ್ನು ಆಗ ಹುಡುಕಿ ಓದಿದೆ. ಪೂರ್ತಿ ಫೀಸು ಕಟ್ಟಿ ನಡುವೆ ಬಿಟ್ಟವರಿಗೆ ಉಳಿದ ಅವಧಿಯ ಹಣವನ್ನು ಹತ್ತು ದಿನದೊಳಗೆ ವಾಪಸ್ ಕೊಡಬೇಕು ಎಂದು ಅದರಲ್ಲಿ ಸ್ಪಷ್ಟವಾಗಿದೆ. ಹಾಸ್ಟೆಲ್, ಮೆಸ್ಸಿನ ಹಣವೂ ಸೇರಿ. ಆದರೆ ಕೋಚಿಂಗ್ ಅಂದರೆ ಏನು ಎಂದು ಅದೇ ಮಾರ್ಗಸೂಚಿ ಹೇಳುವ ಕಡೆ ಐವತ್ತಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿಗೆ ಪಾಠ ಹೇಳುವುದು ಎಂದಿದೆ. ಕ್ರೀಡೆ, ನೃತ್ಯ, ನಾಟಕದಂಥ ಕಲಿಕೆಗಳನ್ನು ಹೆಸರಿಟ್ಟೇ ಹೊರಗಿಟ್ಟಿದೆ. ಜೊತೆಗೆ ಇದು ರಾಜ್ಯಗಳು ತಮ್ಮ ಕಾನೂನಿಗೆ ತಂದುಕೊಳ್ಳಲಿ ಎಂದು ಕೊಟ್ಟ ಮಾದರಿ. ನೀಟ್‌ಗೋ ಜೆಇಇಗೋ ಲಕ್ಷಗಟ್ಟಲೆ ಕಟ್ಟಿದವರನ್ನು ಮನಸ್ಸಿನಲ್ಲಿಟ್ಟು ಬರೆದದ್ದು, ಸರಿ. ಆದರೆ ನಮ್ಮ ಬೀದಿಗಳಲ್ಲಿ ಎಲ್.ಕೆ.ಜಿ.ಯಿಂದಲೇ ಮಕ್ಕಳು ಹೋಗುವುದು ಈಜು, ಭರತನಾಟ್ಯ, ಕರಾಟೆ, ಕೀಬೋರ್ಡ್ ಅಂತ. ಅಲ್ಲೆಲ್ಲ ಮೂರು ತಿಂಗಳು, ಆರು ತಿಂಗಳು ಮುಂಗಡ ವಸೂಲಿ, ಮತ್ತು ಅದೇ ಇರುವೆ ಸಾಲು.

ಗ್ರಾಹಕ ಕಾನೂನು ಇದೆಯಲ್ಲ ಎನ್ನುತ್ತಾರೆ. ಇದೆ. 2019ರ ಕಾಯ್ದೆ ಅನ್ಯಾಯದ ಕರಾರು ಎಂಬುದನ್ನು ಗುರುತಿಸುತ್ತದೆ, ಆದ ನಷ್ಟಕ್ಕಿಂತ ಎಷ್ಟೋ ಪಟ್ಟು ಹೆಚ್ಚು ದಂಡ ಹಾಕುವ ಷರತ್ತನ್ನೂ ಅದರೊಳಗೆ ಸೇರಿಸುತ್ತದೆ. ಆದರೆ ಕರಾರೇ ಅನ್ಯಾಯದ್ದು ಎಂದು ದೂರು ಕೊಡಬೇಕಾದರೆ ಜಿಲ್ಲಾ ಆಯೋಗ ಸಾಲದು, ರಾಜ್ಯ ಆಯೋಗಕ್ಕೇ ಹೋಗಬೇಕು. ನಾಲ್ಕೈದು ಸಾವಿರಕ್ಕೆ ಮೈಸೂರಿನಿಂದ ಬೆಂಗಳೂರಿಗೆ ಯಾರು ಅಲೆಯುತ್ತಾರೆ? ಸೇವೆಯಲ್ಲಿ ಲೋಪ ಎಂದಾದರೆ ಜಿಲ್ಲಾ ಆಯೋಗದಲ್ಲಿ ವಕೀಲರಿಲ್ಲದೆಯೂ ದೂರು ಕೊಡಬಹುದು, 5 ಲಕ್ಷದವರೆಗೆ ಶುಲ್ಕವೂ ಇಲ್ಲ. ಆದರೆ ಕೋಚ್ ಕಲಿಸಲು ಸಿದ್ಧರೇ ಇದ್ದರು, ಬರಲಾಗದವಳು ನನ್ನ ಮಗಳು. ಅದರಲ್ಲಿ ಲೋಪ ತೋರಿಸುವುದು ಸುಲಭವಲ್ಲ.

ಕೋಚ್ ಪಕ್ಷದ ಮಾತನ್ನೂ ಹೇಳಬೇಕು, ಇಲ್ಲದಿದ್ದರೆ ಈ ಪತ್ರ ಬರೀ ಗೋಳಾಗುತ್ತದೆ. ಅವರು ಕೋರ್ಟನ್ನು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಹಿಡಿದಿದ್ದಾರೆ. ಎಂಟು ಮಕ್ಕಳಲ್ಲಿ ಒಬ್ಬರು ಬರದಿದ್ದರೆ ಬಾಡಿಗೆ ಎಂಟನೇ ಒಂದು ಪಾಲು ಇಳಿಯುವುದಿಲ್ಲ. ಪರೀಕ್ಷೆ ಹತ್ತಿರ ಬಂದಾಗ ಅರ್ಧ ಮಕ್ಕಳು ಹೇಳದೆ ಕೇಳದೆ ಮಾಯವಾಗುವುದೂ ನಿಜ. ಒಟ್ಟಿಗೆ ಕಟ್ಟಿದವರಿಗೆ ಸೋಡಿ ಕೊಟ್ಟದ್ದೇ ಮೂರು ತಿಂಗಳು ನಿಲ್ಲುತ್ತಾರೆ ಅಂತ.

ಹಾಗಾದರೆ ಲೆಕ್ಕ ಮಾಡೋಣ. ಕ್ಲಾಸಿಗೆ ಇನ್ನೂರು ರೂಪಾಯಿ ಹಿಡಿದರೆ 25 ಕ್ಲಾಸಿಗೆ ನನಗೆ ಬರಬೇಕಾದ್ದು 5,000. ಇಲ್ಲ, ನಡುವೆ ಬಿಟ್ಟವರಿಗೆ ಸೋಡಿ ಸಲ್ಲದು ಎನ್ನುವುದಾದರೆ ನಾನು ಬಳಸಿಕೊಂಡದ್ದನ್ನು ಪೂರ್ತಿ ಒಂದು ತಿಂಗಳು ಎಂದೇ ಎಣಿಸಿ 2,800 ಮುರಿದುಕೊಳ್ಳಲಿ; ಆಗಲೂ 4,400 ಉಳಿಯುತ್ತದೆ. ನಮ್ಮಿಬ್ಬರ ನಡುವೆ ನ್ಯಾಯವಾಗಿ ಚರ್ಚೆ ಆಗಬೇಕಾದ್ದು ಈ ಆರುನೂರು ರೂಪಾಯಿ. ಆದರೆ ಇರುವೆ ಸಾಲು ಉಳಿದ ಹಣವನ್ನೆಲ್ಲ ನುಂಗಿತು. ಇದನ್ನೇ ಎರಡನೇ ಮೆಸೇಜಿನಲ್ಲಿ ಬರೆದೆ. ಹಣ ಬೇಡ, 4,400ನ್ನು ಮುಂದಿನ ಸಲದ ಫೀಸಿಗೆ ಹಿಡಿದುಕೊಳ್ಳಿ ಸಾಕು ಎಂದೂ ಸೇರಿಸಿದೆ. ಕೋಚ್ ಫೋನ್ ಮಾಡಿ “ನೋಡೋಣ ಮೇಡಂ, ಪಾಪು ಬರಲಿ ಮೊದಲು” ಎಂದರು. ಬರೆದು ಕೊಡಿ ಎಂದೆ. ಎರಡು ನೀಲಿ ಗೆರೆ ಬಿದ್ದವು, ಉತ್ತರ ಬರಲಿಲ್ಲ.

ಇನ್ನೊಂದು ವಿಷಯ. ಆ ಹನ್ನೊಂದು ಕ್ಲಾಸುಗಳಲ್ಲಿ ಎರಡು ದಿನ ಕೋಚ್ ಟೂರ್ನಮೆಂಟಿಗೆ ಹೋಗಿದ್ದರು. ದೊಡ್ಡ ಬ್ಯಾಚಿನ ಹುಡುಗನೊಬ್ಬ ಶಟಲ್ ಎಸೆದು ಆಡಿಸಿದ. ಅವನ್ನೂ ಕ್ಲಾಸೆಂದೇ ಎಣಿಸಿದೆವು, ಯಾರೂ ಕೇಳಲಿಲ್ಲ. ನಾವು ತಪ್ಪಿಸಿದರೆ ನಷ್ಟ ನಮ್ಮದು, ಅವರು ತಪ್ಪಿಸಿದರೂ ನಮ್ಮದೇ.

ಹೀಗಿರಲೇಬೇಕೆಂದೇನಿಲ್ಲ. ನಮ್ಮ ಪಕ್ಕದ ಬೀದಿಯಲ್ಲಿ ಒಬ್ಬ ಟೀಚರ್ ಮನೆಯಲ್ಲೇ ಗಣಿತದ ಟ್ಯೂಷನ್ ಹೇಳುತ್ತಾರೆ. ಒಂದು ನೂರು ಪುಟದ ನೋಟ್‌ಬುಕ್ ಇಟ್ಟಿದ್ದಾರೆ. ಹಿಂದಿನ ರಾತ್ರಿಯೊಳಗೆ ತಿಳಿಸಿದರೆ ಭಾನುವಾರ ಬದಲಿ ಪಾಠ, ಬೆಳಿಗ್ಗೆ ಹೇಳಿದರೆ ಇಲ್ಲ. ತಾವೇ ರಜೆ ಹಾಕಿದರೆ ಮಗುವಿನ ಹೆಸರಿನ ಮುಂದೆ ಕೆಂಪು ಸೊನ್ನೆ, ಆ ಪಾಠ ಬಾಕಿ. ಒಂದು ತಿಂಗಳಿಗಿಂತ ಮುಂಗಡ ತೆಗೆದುಕೊಳ್ಳುವುದೇ ಇಲ್ಲ. “ಜಾಸ್ತಿ ದುಡ್ಡು ಮೊದಲೇ ಇಸ್ಕೊಂಡ್ರೆ ಖರ್ಚಾಗ್ಬಿಡುತ್ತೆ ಕಣ್ರೀ, ಆಮೇಲೆ ವಾಪಸ್ ಎಲ್ಲಿಂದ ತರ್ಲಿ?” ಅಂದರು ನಗುತ್ತಾ. ಫೀಸು ಯಾಕೆ ವಾಪಸ್ ಬರುವುದಿಲ್ಲ ಎಂಬುದಕ್ಕೆ ನಾನು ಕೇಳಿದ ಅತ್ಯಂತ ಪ್ರಾಮಾಣಿಕ ಕಾರಣ ಅದು.

ರಾಜ್ಯ ಸರ್ಕಾರ ಕೋಚಿಂಗ್ ಬಗ್ಗೆ ನಿಯಮ ಮಾಡುವಾಗ, ಕ್ರೀಡೆ, ನೃತ್ಯಗಳನ್ನು ಹೊರಗಿಡುವ ಕೇಂದ್ರದ ಆ ಒಂದು ವಾಕ್ಯವನ್ನು ಹಾಗೇ ನಕಲು ಮಾಡದಿರಲಿ. ಸಣ್ಣ ಅಕಾಡೆಮಿಗಳಿಗೆ ದೊಡ್ಡ ನೋಂದಣಿ, ತಪಾಸಣೆ ಯಾವುದೂ ಬೇಡ. ಒಂದು ತಿಂಗಳಿಗಿಂತ ಹೆಚ್ಚು ಮುಂಗಡ ತೆಗೆದುಕೊಳ್ಳುವವರು ಮಾತ್ರ, ಬಿಟ್ಟರೆ ಎಷ್ಟು ಮುರಿದುಕೊಳ್ಳುತ್ತೇವೆ, ಬದಲಿ ಕ್ಲಾಸು ಎಷ್ಟು ದಿನದೊಳಗೆ, ಕೋಚ್ ಬರದಿದ್ದರೆ ಏನು ಎಂಬ ಮೂರನ್ನು ರಸೀದಿಯಲ್ಲಿ ಕನ್ನಡದಲ್ಲಿ, ಓದಲು ಬರುವಷ್ಟು ದೊಡ್ಡದಾಗಿ ಅಚ್ಚು ಹಾಕಿಸಲಿ. ವೈದ್ಯರ ಚೀಟಿ ಇದ್ದಾಗ ಆ ಮೂವತ್ತು ದಿನದ ಗಡುವು ಕೈ ನೆಟ್ಟಗಾದ ಮೇಲೆ ಶುರುವಾಗಲಿ.

ಮಗಳ ಪ್ಲಾಸ್ಟರ್ ಮುಂದಿನ ಮಂಗಳವಾರ ಬಿಚ್ಚುತ್ತಾರೆ. ನಾಲ್ಕು ಮೇಕಪ್ ಕ್ಲಾಸುಗಳ ಗಡುವು ಹೋದ ವಾರವೇ ಮುಗಿಯಿತು.

— ಒಬ್ಬ ತಾಯಿ, ಮೈಸೂರು