ಒಂದೇ ಹೂಡಿಕೆಗೆ ಎರಡು ಗಳಿಕೆ ದರ ಬರುವುದು ಹೇಗೆ?

‘ಈ ಯೋಜನೆಯ ಐಆರ್‌ಆರ್ ಶೇ. 20’ ಎಂದು ಹೇಳುವ ಫಾರ್ವರ್ಡ್ ನಿಮಗೂ ಬಂದಿರಬಹುದು. ಅದರ ಲೆಕ್ಕ ಸರಿಯಾಗಿದ್ದರೂ ಆ ಯೋಜನೆಯಲ್ಲಿ ನಷ್ಟವಾಗಬಹುದು. ಹೇಗೆ ಎಂದು ನೋಡೋಣ.

ಐಆರ್‌ಆರ್ ಅಂದರೆ ಆಂತರಿಕ ಗಳಿಕೆ ದರ. ಹಾಕಿದ ಹಣಕ್ಕೆ ಯಾವ ಬಡ್ಡಿ ದರ ಹಚ್ಚಿದರೆ, ಬಂದದ್ದೂ ಹೋದದ್ದೂ ಸರಿದೂಗಿ ಕೊನೆಗೆ ಬಾಕಿ ಸೊನ್ನೆಯಾಗುತ್ತದೋ ಅದೇ ಈ ದರ. ಮೊದಲು ಹಣ ಹಾಕಿ, ಆಮೇಲೆ ಪಡೆಯುವುದಷ್ಟೇ ಇದ್ದರೆ ಉತ್ತರ ಒಂದೇ. ತಿಂಗಳು ತಿಂಗಳು ಎಸ್‌ಐಪಿ ಕಟ್ಟಿ ಕೊನೆಗೆ ಒಟ್ಟಿಗೆ ತೆಗೆದುಕೊಳ್ಳುವುದೂ ಹೀಗೆಯೇ.

ಈಗ ಒಂದು ಕಲ್ಲು ಕ್ವಾರಿಯ ಉದಾಹರಣೆ ತೆಗೆದುಕೊಳ್ಳಿ. ಇವತ್ತು 100 ಲಕ್ಷ ರೂಪಾಯಿ ಹಾಕುತ್ತೀರಿ. ಒಂದು ವರ್ಷಕ್ಕೆ 230 ಲಕ್ಷ ಬರುತ್ತದೆ. ಎರಡನೇ ವರ್ಷದ ಕೊನೆಗೆ ಗುಂಡಿ ಮುಚ್ಚಿ ನೆಲ ಸರಿಪಡಿಸಲು 132 ಲಕ್ಷ ಖರ್ಚು. ಇಲ್ಲಿ ಹಣದ ದಿಕ್ಕು ಎರಡು ಸಲ ಬದಲಾಗುತ್ತದೆ: ಹೋಯಿತು, ಬಂತು, ಮತ್ತೆ ಹೋಯಿತು.

ಶೇ. 10ರಲ್ಲಿ ನೋಡಿ. ನೂರು ಲಕ್ಷ ವರ್ಷಕ್ಕೆ 110 ಆಗುತ್ತದೆ. ಅದನ್ನು 230ರಲ್ಲಿ ಕಳೆದರೆ ಕೈಯಲ್ಲಿ 120 ಉಳಿಯುತ್ತದೆ. ಅದು ಶೇ. 10ರಂತೆ ಬೆಳೆದು 132 ಆಗುತ್ತದೆ, ಖರ್ಚಿಗೆ ಸರಿಹೋಗುತ್ತದೆ. ಶೇ. 20ರಲ್ಲಿ ನೋಡಿದರೆ 100 ಲಕ್ಷ 120 ಆಗುತ್ತದೆ, ಕೈಯಲ್ಲಿ 110 ಉಳಿಯುತ್ತದೆ. ಅದು ಶೇ. 20ರಂತೆ ಬೆಳೆದರೂ 132! ಎರಡೂ ಸರಿಯಾದ ಉತ್ತರಗಳೇ.

ಗುಟ್ಟು ಇರುವುದು ಎರಡನೇ ವರ್ಷದಲ್ಲಿ. ಮೊದಲ ವರ್ಷ ನಿಮ್ಮ ಹಣ ಕ್ವಾರಿಯಲ್ಲಿತ್ತು, ಎರಡನೇ ವರ್ಷ ಕ್ವಾರಿಯ ಹಣ ನಿಮ್ಮ ಕೈಯಲ್ಲಿದೆ. ಆ ಹಣವೂ ಅದೇ ದರದಲ್ಲಿ ಬೆಳೆಯುತ್ತದೆ ಎಂದು ಈ ಲೆಕ್ಕ ಸುಮ್ಮನೆ ಅಂದುಕೊಳ್ಳುತ್ತದೆ. ದರ ಏರಿದರೆ ಮೊದಲ ವರ್ಷದ ಹೊರೆಯೂ ಏರುತ್ತದೆ, ಎರಡನೇ ವರ್ಷದ ಗಳಿಕೆಯೂ ಏರುತ್ತದೆ. ಹಾಗಾಗಿ ಎರಡು ಕಡೆ ಲೆಕ್ಕ ಸರಿದೂಗಬಹುದು.

ನಿಜವಾಗಿ ಏನಾಗುತ್ತದೆ? ಬ್ಯಾಂಕು ನಿಮಗೆ ಶೇ. 7 ಬಡ್ಡಿ ಕೊಡುತ್ತದೆ ಎನ್ನೋಣ. ಮುಂದಿನ ವರ್ಷದ 132 ಲಕ್ಷಕ್ಕಾಗಿ ಈಗಲೇ ಸುಮಾರು 123.4 ಲಕ್ಷ ಎತ್ತಿಡಬೇಕು. ಬಂದ 230ರಲ್ಲಿ ನಿಮಗೆ ಉಳಿಯುವುದು 106.6 ಲಕ್ಷ. ಅಂದರೆ ಗಳಿಕೆ ಶೇ. 6.6, ಬ್ಯಾಂಕಿಗಿಂತಲೂ ಕಡಿಮೆ. ಬಡ್ಡಿಯನ್ನು ಬಿಟ್ಟು ಬರೀ ಕೂಡಿದರೂ ಬಂದದ್ದು 230, ಹೋದದ್ದು 232.

ಮೊಬೈಲಿನ ಸ್ಪ್ರೆಡ್‌ಶೀಟ್‌ನಲ್ಲಿ A1ರಿಂದ A3ರವರೆಗೆ -100, 230, -132 ಬರೆದು ಇವೆರಡನ್ನೂ ಹಾಕಿ ನೋಡಿ:

```
=IRR(A1:A3)
=IRR(A1:A3, 0.3)
```

ಮೊದಲನೆಯದು ಶೇ. 10 ತೋರಿಸುತ್ತದೆ, ಎರಡನೆಯದು ಶೇ. 20. ಸೂತ್ರ ಒಂದು ಊಹೆಯಿಂದ ಹುಡುಕಲು ಶುರುಮಾಡಿ, ಸಿಕ್ಕ ಒಂದು ಉತ್ತರಕ್ಕೇ ನಿಲ್ಲುತ್ತದೆ. ಇನ್ನೊಂದು ಇದೆ ಎಂದು ಹೇಳುವುದಿಲ್ಲ.

ಆದ್ದರಿಂದ ದರಕ್ಕಿಂತ ಮೊದಲು ವರ್ಷವಾರು ಪಟ್ಟಿ ಕೇಳಿ, ಕೂಡು-ಕಳೆ ಚಿಹ್ನೆ ಎಷ್ಟು ಸಲ ಬದಲಾಗಿದೆ ಎಂದು ಎಣಿಸಿ. ಒಂದೇ ಸಲವಾದರೆ ಉತ್ತರವೂ ಒಂದೇ. ಹೆಚ್ಚು ಸಲವಾದರೆ ಒಂದಕ್ಕಿಂತ ಹೆಚ್ಚು ಉತ್ತರ ಇರಬಹುದು, ಕೆಲವೊಮ್ಮೆ ಉತ್ತರವೇ ಇಲ್ಲದಿರಬಹುದು. ಆಗ ನಿಮ್ಮ ಬ್ಯಾಂಕಿನ ಬಡ್ಡಿ ಹಿಡಿದು, ಮೇಲಿನಂತೆ ಲೆಕ್ಕ ಹಾಕಿ ನೋಡಿ.