ಕಾವ್ಯನಾಮ ಓದುಗರಿಗಿರಲಿ, ಕರಾರಿಗೆ ಬೇಡ

ಮುಡುಕುತೊರೆ ಜಾತ್ರೆಯ ದನದ ವ್ಯಾಪಾರದ ಮೇಲೆ ಕತೆ ಬರೆದು, ಬೇರೆ ಹೆಸರಿನಲ್ಲಿ ಒಂದು ವಾರಪತ್ರಿಕೆಗೆ ಕಳಿಸಿದ್ದೆವು. ಆ ಹೆಸರಿನ ಜೊತೆಗೆ ಊರಿನ ಹೆಸರನ್ನೂ ಸೇರಿಸಿದ್ದೆವು. ಕತೆ ಬಂದ ವಾರವೇ ಟೀ ಅಂಗಡಿಯಲ್ಲಿ ದಲ್ಲಾಳಿಯೊಬ್ಬರು, 'ಏನ್ ಸಾ, ನಮ್ಮನ್ನೇ ಬರ್ದ್‌ಬುಟ್ರಲ್ಲಾ' ಅಂದರು. ಸಂಭಾವನೆಯ ಚೆಕ್ಕು ಕಾವ್ಯನಾಮಕ್ಕೇ ಬಂತು. ಆ ಹೆಸರಿನಲ್ಲಿ ಖಾತೆ ಇಲ್ಲವೆಂದು ಬ್ಯಾಂಕಿನವರು ಅದನ್ನು ವಾಪಸು ಕೊಟ್ಟರು. ಯಾರಿಗೆ ಗೊತ್ತಾಗಬಾರದಿತ್ತೋ ಅವರಿಗೆ ಗೊತ್ತಾಗಿತ್ತು, ಯಾರಿಗೆ ಗೊತ್ತಾಗಬೇಕಿತ್ತೋ ಅವರಿಗೆ ಗೊತ್ತಾಗಿರಲಿಲ್ಲ.

ಚೆಕ್ಕನ್ನು ಬದಲಿಸಿಕೊಳ್ಳಬಹುದು. ಆದರೆ ಹಕ್ಕಿನ ವಿಷಯದಲ್ಲಿ ಇದೇ ತಪ್ಪು ಮಕ್ಕಳ ಕಾಲದವರೆಗೂ ಕಾಡುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಲೇಖಕರು ಬದುಕಿದ್ದಾಗ ಪ್ರಕಟವಾದ ಕೃತಿಯ ಹಕ್ಕು ಅವರು ತೀರಿಕೊಂಡ ವರ್ಷ ಮುಗಿದ ಮೇಲೆ 60 ವರ್ಷ ಇರುತ್ತದೆ. ಮೈಸೂರಿನ ತ್ರಿವೇಣಿ ಎಂದರೆ ಅನಸೂಯಾ ಶಂಕರ್ ಎಂದು ಎಲ್ಲರಿಗೂ ಗೊತ್ತಿತ್ತು. ಅವರು ತೀರಿಕೊಂಡದ್ದು 1963ರಲ್ಲಿ. ಹಾಗಾಗಿ ಅವರ ಜೀವಿತಕಾಲದಲ್ಲಿ ಬಂದ ಕಾದಂಬರಿಗಳ ಹಕ್ಕು 2023ರ ಕೊನೆಯವರೆಗೆ ಉಳಿದಿತ್ತು.

ಕಾವ್ಯನಾಮದ ಹಿಂದೆ ಯಾರಿದ್ದಾರೆ ಎಂಬುದು ಹೊರಬೀಳದಿದ್ದರೆ ಲೆಕ್ಕ ಬೇರೆ. ಆಗ 60 ವರ್ಷವನ್ನು ಮೊದಲು ಪ್ರಕಟವಾದ ವರ್ಷದಿಂದ ಎಣಿಸುತ್ತಾರೆ. 30 ವರ್ಷದ ಒಬ್ಬರು 2025ರಲ್ಲಿ ಪುಸ್ತಕ ತಂದು, 80ಕ್ಕೆ, ಅಂದರೆ 2075ರಲ್ಲಿ ತೀರಿಕೊಂಡರು ಎನ್ನಿ. ಗುಟ್ಟು ಗುಟ್ಟಾಗಿಯೇ ಉಳಿದರೆ ಹಕ್ಕು 2085ಕ್ಕೆ ಮುಗಿಯುತ್ತದೆ. ಅಷ್ಟರೊಳಗೆ ಹೆಸರು ಬಯಲಾದರೆ 2135ರವರೆಗೆ ಇರುತ್ತದೆ. ವ್ಯತ್ಯಾಸ 50 ವರ್ಷ. ಬಯಲಾಗುವುದು ಎಂದರೆ ಊರಿನವರು ಗುಸುಗುಸು ಮಾತಾಡಿಕೊಳ್ಳುವುದಲ್ಲ. ಲೇಖಕರೂ ಪ್ರಕಾಶಕರೂ ಇಬ್ಬರೂ ಸಾರ್ವಜನಿಕವಾಗಿ ಹೇಳಬೇಕು. ಇಲ್ಲವೇ ಲೇಖಕರೇ ಕಾನೂನಿನ ಮುಂದೆ ಸಾಬೀತು ಮಾಡಬೇಕು. ಪ್ರಕಾಶಕರಿಗೇ ನಿಜವಾದ ಹೆಸರು ಗೊತ್ತಿಲ್ಲದಿದ್ದರೆ ಅವರು ಏನು ಹೇಳಿಯಾರು?

ಆದ್ದರಿಂದ ಕರಾರಿನಲ್ಲಿ ಪ್ಯಾನ್ ಕಾರ್ಡಿನಲ್ಲಿರುವ ಹೆಸರನ್ನೇ ಬರೆಸಿ, 'ಇಂಥ ಕಾವ್ಯನಾಮದಲ್ಲಿ ಬರೆಯುವವರು' ಎಂದು ಸೇರಿಸಬೇಕು ಎನ್ನುವುದು ನಮ್ಮ ಅಭಿಪ್ರಾಯ. ಹಣ ಆ ಹೆಸರಿನ ಖಾತೆಗೇ ಬರಲಿ. ಲಿಖಿತ ಒಪ್ಪಿಗೆ ಇಲ್ಲದೆ ಹೆಸರು ಹೇಳಕೂಡದು, ಲೇಖಕರು ಬಯಸಿದ ದಿನ ಪ್ರಕಾಶಕರೂ ಜೊತೆಗೂಡಿ ಪ್ರಕಟಿಸಬೇಕು ಎಂಬ ಎರಡು ಸಾಲುಗಳೂ ಅದರಲ್ಲಿರಲಿ. ಕರಾರಿನ ಒಂದು ಪ್ರತಿ ಮನೆಯವರ ಕೈಯಲ್ಲಿರಲಿ.

ಇಷ್ಟಾದರೂ ಕಾವ್ಯನಾಮ ಗುರಾಣಿಯಲ್ಲ. ಯಾರಾದರೂ ಮಾನನಷ್ಟದ ದೂರು ಕೊಟ್ಟರೆ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮು ಬರೆದವರನ್ನೇ ಹುಡುಕುತ್ತದೆ, ಅಚ್ಚು ಹಾಕಿದವರನ್ನೂ ಬಿಡುವುದಿಲ್ಲ. ನ್ಯಾಯಾಲಯ ಕೇಳಿದಾಗ ಪ್ರಕಾಶಕರು ಹೆಸರು ಕೊಡಬೇಕಾಗಬಹುದು. ಹಳ್ಳಿಯಲ್ಲಿ ನಮ್ಮ ಹೆಸರನ್ನು ಬದಲಿಸಿದರೆ ಸಾಲದು. ಕತೆಯೊಳಗಿನ ದಲ್ಲಾಳಿಯ ಗುರುತು, ಅವನ ಜೋಡಿ ಎತ್ತಿನ ಬಣ್ಣ, ಅವನು ಕೂರುವ ಕಟ್ಟೆ, ಇವನ್ನೂ ಬದಲಿಸಬೇಕು. ನಾವು ಸಿಕ್ಕಿಬಿದ್ದದ್ದು ಆ ಕಟ್ಟೆಯಿಂದಲೇ.