ರಾತ್ರೋರಾತ್ರಿ ಇಳಿಯುವ ಹಾಡುಗಳು

ಸಕಲೇಶಪುರ ದಾಟಿದ ಮೇಲೆ ಸುಬ್ರಹ್ಮಣ್ಯ ರೋಡ್ ನಿಲ್ದಾಣ ಸಿಗುವಷ್ಟರಲ್ಲಿ ರೈಲು 57 ಸುರಂಗಗಳನ್ನು ಹಾದು ಹೋಗುತ್ತದೆ. ಮೊಬೈಲ್ ಸಿಗ್ನಲ್ ನಂಬಿಕೊಂಡು ಈ ಘಟ್ಟದಲ್ಲಿ ಹಾಡು ಕೇಳಲು ಕೂತವರಿಗೆ ಪಲ್ಲವಿ ಕೇಳಿಸಿದರೆ ಚರಣ ಕೇಳಿಸುವುದಿಲ್ಲ. ಇಂಥ ಪ್ರಯಾಣಕ್ಕೆ ಹೊರಡುವವರು ಹಾಡುಗಳನ್ನು ಮೊದಲೇ ಫೋನಿಗೆ ಇಳಿಸಿಕೊಳ್ಳಬೇಕು ಎಂಬುದರಲ್ಲಿ ಯಾರದೂ ತಕರಾರಿಲ್ಲ. ತಕರಾರು ಇರುವುದು ಅದನ್ನು ಯಾರು ಮಾಡಬೇಕು ಎಂಬಲ್ಲಿ: ಒಂದೊಂದೇ ಹಾಡು ಆರಿಸಿ ನಾವೇ ಇಳಿಸಿಕೊಳ್ಳುವುದೋ, ಪ್ಲೇಲಿಸ್ಟಿಗೆ ಸೇರಿದ್ದೆಲ್ಲ ರಾತ್ರಿ ವೈಫೈನಲ್ಲಿ ತಾನಾಗಿ ಇಳಿಯಲಿ ಎಂದು ಬಿಡುವುದೋ?

ಸ್ಪಾಟಿಫೈಯನ್ನೇ ತೆಗೆದುಕೊಳ್ಳೋಣ. ಡೌನ್‌ಲೋಡ್ ಸೌಲಭ್ಯವಿರುವ ಚಂದಾಕ್ಕೆ ದುಡ್ಡು ಕೊಟ್ಟವರು ಪ್ಲೇಲಿಸ್ಟಿನ ಮೇಲ್ಭಾಗದಲ್ಲಿರುವ ಕೆಳಮುಖದ ಬಾಣವನ್ನು ಒಮ್ಮೆ ಒತ್ತಿದರೆ ಸಾಕು. ಆಗ ಇರುವ ಹಾಡುಗಳು ಇಳಿಯುತ್ತವೆ. ಆಮೇಲೆ ಸೇರುವ ಹಾಡುಗಳಿಗೆ ಮತ್ತೆ ಬಾಣ ಒತ್ತಬೇಕಾಗಿಲ್ಲ, ಅವೂ ಹಿಂದೆಯೇ ಬರುತ್ತವೆ. ಮೊಬೈಲ್ ಡೇಟಾದಲ್ಲೂ ಇಳಿಸಬಹುದು ಎಂದು ಸೆಟ್ಟಿಂಗ್ಸ್‌ನಲ್ಲಿ ನಾವಾಗಿ ಅನುಮತಿ ಕೊಡದಿದ್ದರೆ ವೈಫೈ ಸಿಗುವವರೆಗೂ ಅವು ಕಾಯುತ್ತವೆ.

ಇದರ ಲಾಭ ಚೆನ್ನಾಗಿ ಕಾಣುವುದು ಹಲವರು ಸೇರಿ ಕಟ್ಟುವ ಪಟ್ಟಿಯಲ್ಲಿ. ಮೂರು ಮನೆಯವರು ಒಟ್ಟಿಗೆ ಕುಕ್ಕೆಗೆ ಹೊರಟಿದ್ದಾರೆ, ಒಂದು ಪ್ಲೇಲಿಸ್ಟ್ ಹಂಚಿಕೊಂಡಿದ್ದಾರೆ ಎನ್ನಿ. ಹಾಸನದ ಅಕ್ಕ ರಾತ್ರಿ ಊಟವಾದ ಮೇಲೆ ನಾಲ್ಕು ಭಾವಗೀತೆ ಸೇರಿಸುತ್ತಾರೆ, ಬೆಂಗಳೂರಿನ ಮೈದುನ ಆಫೀಸಿನ ಲ್ಯಾಪ್‌ಟಾಪಿನಿಂದ ಎರಡು ಸಿನಿಮಾ ಹಾಡು ಹಾಕುತ್ತಾನೆ. ಯಾರು ಯಾವಾಗ ಏನು ಸೇರಿಸಿದರು ಎಂದು ನೋಡುತ್ತ ಕೂರಲು ಯಾರಿಗೆ ಪುರುಸೊತ್ತಿದೆ? ಬೆಳಿಗ್ಗೆ ಏಳುವಷ್ಟರಲ್ಲಿ ಆರೂ ಹಾಡು ಫೋನಿನಲ್ಲಿ ಇರುತ್ತವೆ. ಒಂದು ಮಾತು ಮಾತ್ರ ಗಮನದಲ್ಲಿರಬೇಕು: ಪಟ್ಟಿ ಎಲ್ಲರದೂ ಆದರೂ ಬಾಣ ಒತ್ತುವ ಕೆಲಸ ಆಯಾ ಫೋನಿನದು. ಅಕ್ಕ ಒತ್ತಿದ್ದಾರೆಂದು ಭಾವನ ಫೋನಿಗೆ ಹಾಡು ಇಳಿಯುವುದಿಲ್ಲ.

ಜಾಗ ತಿನ್ನುತ್ತದೆ ಎಂಬ ಆಕ್ಷೇಪವನ್ನು ಲೆಕ್ಕ ಹಾಕಿಯೇ ನೋಡಬಹುದು. ಡೌನ್‌ಲೋಡ್ ಗುಣಮಟ್ಟ High ಎಂದಿಟ್ಟರೆ ಸೆಕೆಂಡಿಗೆ ಸುಮಾರು 160 ಕಿಲೋಬಿಟ್. ನಾಲ್ಕೂವರೆ ನಿಮಿಷದ ಒಂದು ಹಾಡಿಗೆ 5.4 ಎಂಬಿ ಆಗುತ್ತದೆ, 120 ಹಾಡಿನ ಪಟ್ಟಿಗೆ ಸುಮಾರು 650 ಎಂಬಿ. Very High ಎಂದರೆ ಅದರ ಎರಡರಷ್ಟು. 128 ಜಿಬಿಯ ಫೋನಿಗೆ ಇದು ದೊಡ್ಡ ಭಾರವೇನಲ್ಲ. ಆದರೆ ವಾಟ್ಸ್ಆ್ಯಪ್ ವಿಡಿಯೊಗಳಿಂದ ಆಗಲೇ ತುಂಬಿ ತುಳುಕುತ್ತಿರುವ 32 ಜಿಬಿಯ ಹಳೆಯ ಫೋನಿಗೆ ಅಷ್ಟು ಜಾಗವೂ ದುಬಾರಿ. ಮಾವ ಉತ್ಸಾಹದಿಂದ ಒಂದು ಗಂಟೆಯ ಭಜನೆಯೊಂದನ್ನು ಸೇರಿಸಿದರೆ ಅದೊಂದಕ್ಕೇ 72 ಎಂಬಿ, ಅಂದರೆ ಹದಿಮೂರು ಹಾಡಿನ ಜಾಗ. ಕೈಯಾರೆ ಇಳಿಸುವವರು ಇಂಥದ್ದನ್ನು ನೋಡಿ ಬಿಟ್ಟುಬಿಡುತ್ತಾರೆ, ತಾನಾಗಿ ಇಳಿಸುವ ಫೋನು ಬಿಡುವುದಿಲ್ಲ.

ಜಾಗಕ್ಕಿಂತ ನನಗೆ ತೂಕದ್ದಾಗಿ ಕಾಣುವ ಆಕ್ಷೇಪ ಬೇರೆ. ಹೀಗೆ ಇಳಿಸಿದ ಪ್ಲೇಲಿಸ್ಟ್ ಕನ್ನಡಿಯಂತೆ, ಎದುರಿಗೆ ಇದ್ದದ್ದು ಮಾತ್ರ ಅದರಲ್ಲಿ ಕಾಣುತ್ತದೆ. ಸೇರಿಸಿದ್ದು ಬಂದ ಹಾಗೆಯೇ ತೆಗೆದದ್ದು ಹೋಗುತ್ತದೆ. ಮೈದುನ ತನಗೆ ಬೇಜಾರಾಯಿತೆಂದು ಹತ್ತು ಹಳೆಯ ಹಾಡು ಅಳಿಸಿದರೆ, ನಿಮ್ಮ ಫೋನಿನ ಆ ಪಟ್ಟಿಯಿಂದಲೂ ಅವು ಮಾಯ. ಸೋಮವಾರಕ್ಕೊಮ್ಮೆ ಬದಲಾಗುವ Discover Weekly ಥರದ ಪಟ್ಟಿಗಳಲ್ಲಂತೂ ಇದು ವಾರವಾರವೂ ನಡೆಯುವಂಥದ್ದು. ಭಾನುವಾರ ಮೆಚ್ಚಿಕೊಂಡ ಹಾಡನ್ನು ಬೇರೆಲ್ಲೂ ಉಳಿಸಿಕೊಳ್ಳದಿದ್ದರೆ ಮಂಗಳವಾರದ ಪ್ರಯಾಣಕ್ಕೆ ಅದು ಸಿಗದು. ಹಕ್ಕಿನ ಒಪ್ಪಂದ ಮುರಿದಾಗಲೂ ಹಾಡು ಹೋಗುತ್ತದೆ. 2019ರಲ್ಲಿ ಸರೆಗಮ ಕಂಪನಿ ಸ್ಪಾಟಿಫೈ ವಿರುದ್ಧ ದೆಹಲಿ ಹೈಕೋರ್ಟಿಗೆ ಹೋದಾಗ ಸ್ಪಾಟಿಫೈ ಆ ಕಂಪನಿಯ ಹಾಡುಗಳನ್ನು ತೆಗೆಯಲು ಒಪ್ಪಿತು, ಮರುವರ್ಷ ಒಪ್ಪಂದವಾದ ಮೇಲೆ ಅವು ಮರಳಿದವು. ನ್ಯಾಯವಾಗಿ ಹೇಳಬೇಕೆಂದರೆ, ಈ ಕೊನೆಯ ದೋಷ ಕೈಯಾರೆ ಇಳಿಸಿದ ಹಾಡಿಗೂ ಅಂಟಿದ್ದೇ. ಮೂವತ್ತು ದಿನಕ್ಕೊಮ್ಮೆಯಾದರೂ ಆ್ಯಪ್ ಇಂಟರ್ನೆಟ್ ಕಾಣದಿದ್ದರೆ ಇಳಿಸಿದ್ದೆಲ್ಲ ಕೈತಪ್ಪುತ್ತದೆ ಎಂಬ ನಿಯಮವೂ ಎರಡಕ್ಕೂ ಒಂದೇ.

ಇನ್ನು, ರಾತ್ರಿ ಇಳಿದಿರುತ್ತದೆ ಎಂಬ ನಂಬಿಕೆ. ನಮ್ಮ ಎಷ್ಟೋ ಮನೆಗಳಲ್ಲಿ ಮಲಗುವ ಮುಂಚೆ ರೂಟರ್ ಸ್ವಿಚ್ ಆರಿಸುವುದು ಗ್ಯಾಸ್ ಬಂದ್ ಮಾಡಿದಷ್ಟೇ ಅಭ್ಯಾಸವಾಗಿಬಿಟ್ಟಿದೆ. ಮಳೆಗಾಲದ ಮಲೆನಾಡಿನಲ್ಲಿ ನಾವು ಆರಿಸದಿದ್ದರೂ ಕರೆಂಟ್ ಹೋಗಿ ಅದೇ ಆರುತ್ತದೆ. ರೂಟರ್ ಉರಿಯುತ್ತಿದ್ದರೂ ಫೋನು ಬ್ಯಾಟರಿ ಉಳಿಸುವ ಮೋಡ್‌ನಲ್ಲಿದ್ದರೆ, ತೆರೆಯದೆ ಬಿಟ್ಟ ಆ್ಯಪನ್ನು ಅದು ಮಲಗಿಸಿಬಿಡಬಹುದು. ಆಗ ಡೌನ್‌ಲೋಡ್ ಅರ್ಧದಲ್ಲಿ ನಿಲ್ಲುತ್ತದೆ, ಅಥವಾ ಶುರುವೇ ಆಗುವುದಿಲ್ಲ. ಕೆಟ್ಟ ಸಂಗತಿಯೆಂದರೆ ಅದು ಸದ್ದಿಲ್ಲದೆ ವಿಫಲವಾಗುತ್ತದೆ. ಕೈಯಾರೆ ಇಳಿಸುವವರು ಪರದೆಯ ಮುಂದೆಯೇ ಇರುವುದರಿಂದ ಅವರಿಗೆ ಗೊತ್ತಾಗುತ್ತದೆ. ಸ್ವಯಂಚಾಲಿತವನ್ನು ನಂಬಿದವರಿಗೆ ಗೊತ್ತಾಗುವುದು ಘಟ್ಟದಲ್ಲಿ.

ಇದಕ್ಕೆ ಎದುರಾಗಿ ಒಂದು ವಾದವಿದೆ: ಕೈಯಾರೆ ಇಳಿಸುತ್ತೇನೆ ಎನ್ನುವವರಲ್ಲಿ ಮರೆಯದವರು ಎಷ್ಟು ಮಂದಿ? ಮರೆತವರು ಕೊನೆಗೆ ಪ್ಲಾಟ್‌ಫಾರಂ ಮೇಲೆ ನಿಂತು ದಿನದ ಒಂದೂವರೆ ಜಿಬಿಯಲ್ಲಿ ಅರ್ಧ ಖರ್ಚು ಮಾಡಿ ಇಳಿಸಿಕೊಳ್ಳುತ್ತಾರೆ. ಆ ವಾದಕ್ಕೆ ನನ್ನಲ್ಲಿ ಉತ್ತರವಿಲ್ಲ.

ವೈಫೈ ಎಂದ ಮಾತ್ರಕ್ಕೆ ಅದು ಮನೆಯ ಫೈಬರ್ ಆಗಿರಬೇಕಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಹೆಂಡತಿಯ ಫೋನಿನ ಹಾಟ್‌ಸ್ಪಾಟಿಗೆ ಸೇರಿಕೊಂಡರೆ ನಿಮ್ಮ ಫೋನಿನ ಮಟ್ಟಿಗೆ ಅದೂ ವೈಫೈಯೇ. ಹೋಂಸ್ಟೇಯಲ್ಲಿ ಹಾಗೆ ಸೇರಿಕೊಂಡ ರಾತ್ರಿ ಇಳಿಯದೆ ಬಾಕಿ ಉಳಿದಿದ್ದ ಹಾಡುಗಳೆಲ್ಲ ಅವರ ಡೇಟಾದ ಲೆಕ್ಕಕ್ಕೆ ಇಳಿದು, ಬೆಳಿಗ್ಗೆ ಮಾತು ಕೇಳಬೇಕಾಗಿ ಬಂದೀತು. ಆಂಡ್ರಾಯ್ಡ್‌ನಲ್ಲಿ ಆ ನೆಟ್‌ವರ್ಕಿನ ಹೆಸರನ್ನು ತೆರೆದು Treat as metered ಎಂದು ಆರಿಸಬಹುದು, ಐಫೋನಿನಲ್ಲಿ Low Data Mode ಹಾಕಬಹುದು. ಅಷ್ಟಾದರೂ ಪ್ರತಿಯೊಂದು ಆ್ಯಪ್ ಆ ಸೂಚನೆಗೆ ಒಂದೇ ಥರ ಬೆಲೆ ಕೊಡುವುದಿಲ್ಲ. ಹಾಟ್‌ಸ್ಪಾಟಿನಲ್ಲಿರುವಾಗ ಆ್ಯಪನ್ನು ಆಫ್‌ಲೈನ್ ಮೋಡಿಗೆ ಹಾಕಿಡುವುದು ಹೆಚ್ಚು ಗಟ್ಟಿ.

ಹಾಗಾಗಿ ನನ್ನ ಒಲವು ಪಟ್ಟಿಯನ್ನು ನೋಡಿ ಬದಲಾಗುತ್ತದೆ. ನಾಲ್ಕು ಜನ ಬಲ್ಲವರು ಕಟ್ಟುತ್ತಿರುವ, ನೂರಿನ್ನೂರು ಹಾಡಿನ, ಬರೀ ಬೆಳೆಯುತ್ತ ಹೋಗುವ ಪಟ್ಟಿಗೆ ಬಾಣ ಒತ್ತಿಬಿಡುವುದೇ ಸರಿ. ಕಂಪನಿಯವರು ನಡೆಸುವ, ವಾರವಾರ ಬದಲಾಗುವ ಪಟ್ಟಿಗೆ ಒತ್ತಬಾರದು. ಅದರಲ್ಲಿ ಹಿಡಿಸಿದ್ದನ್ನು ನಮ್ಮದೇ ಒಂದು ಚಿಕ್ಕ ಪಟ್ಟಿಗೆ ಎತ್ತಿಕೊಂಡು ಆ ಚಿಕ್ಕದ್ದನ್ನು ಇಳಿಸಿಕೊಳ್ಳಬೇಕು. ಹಂಚಿಕೊಂಡ ಪಟ್ಟಿಯಲ್ಲಿರುವ, ಕಳೆದುಕೊಳ್ಳಲು ಮನಸ್ಸಿಲ್ಲದ ಹಾಡುಗಳಿಗೂ ಇದೇ ಉಪಾಯ. ಎರಡನೆಯ ಪಟ್ಟಿಯಲ್ಲೂ ಇಳಿಸಿರುವ ಹಾಡನ್ನು ಮೈದುನ ಮೊದಲನೆಯದರಿಂದ ಅಳಿಸಿದರೆ ಅದೇನೂ ಹೋಗುವುದಿಲ್ಲ.

ಯಾವ ದಾರಿ ಹಿಡಿದರೂ ಪರೀಕ್ಷೆ ಒಂದೇ, ಅರ್ಧ ನಿಮಿಷದ್ದು. ಹೊರಡುವ ಹಿಂದಿನ ರಾತ್ರಿ ಫೋನನ್ನು ಚಾರ್ಜಿಗೆ ಹಾಕಿ, ಆ್ಯಪನ್ನು ತೆರೆದು, ಕೆಲವು ನಿಮಿಷ ಪರದೆಯ ಮೇಲೆಯೇ ಬಿಡಿ. ಬೆಳಿಗ್ಗೆ, ಮನೆಯ ವೈಫೈ ಇನ್ನೂ ಕೈಗೆ ಸಿಗುವಾಗಲೇ, ಏರೋಪ್ಲೇನ್ ಮೋಡ್ ಒತ್ತಿ ಪಟ್ಟಿಗೆ ಕಟ್ಟಕಡೆಗೆ ಸೇರಿದ ಹಾಡನ್ನು ಹಚ್ಚಿ ನೋಡಿ. ಮೊದಲ ಹಾಡನ್ನು ಹಚ್ಚಿದರೆ ಏನೂ ತಿಳಿಯುವುದಿಲ್ಲ, ಅದು ಹೋದ ತಿಂಗಳೇ ಇಳಿದಿರುತ್ತದೆ.